ಸಂಪಿನ ಸೋರಿಕೆ ಪರೀಕ್ಷೆ: ಒಂದು ಮಿಲಿಮೀಟರ್ ಇಳಿದರೆ ಎಷ್ಟು ಲೀಟರ್ ಹೋಯಿತು?

ನೆಲದೊಳಗಿನ ನೀರಿನ ಟಾಕಿಗಳ ಸೋರಿಕೆ ವರದಿ ಎಂದು ನನ್ನ ಕೈಗೆ ಬರುವ ಕಾಗದಗಳಲ್ಲಿ ಹೆಚ್ಚಿನವು ಒಂದೇ ಸಾಲಿನವು. 'ಟಾಕಿಗೆ ಪೂರ್ತಿ ನೀರು ತುಂಬಿಸಿ ಏಳು ದಿನ ಪರೀಕ್ಷಿಸಲಾಗಿದೆ, ಸೋರಿಕೆ ಕಂಡುಬಂದಿಲ್ಲ.' ಕೆಳಗೆ ಒಂದು ಸೀಲು, ಎರಡು ಸಹಿ. ನೀರು ಎಲ್ಲಿಂದ ಎಲ್ಲಿಗೆ ಇಳಿಯಿತು, ಯಾವ ದಿನ ಎಷ್ಟು ಇಳಿಯಿತು, ವಾಲ್ವ್ ಬಿಗಿಯಾಗಿತ್ತೇ ಎಂಬುದಕ್ಕೆ ಅದರಲ್ಲಿ ಉತ್ತರ ಇರುವುದಿಲ್ಲ. ಎತ್ತರದ ಟಾಕಿಯಾದರೆ ಇಷ್ಟರಲ್ಲೇ ಹೇಗೋ ನಡೆದುಬಿಡುತ್ತದೆ, ಸೋರಿದರೆ ಕೆಳಗೆ ನಿಂತವನ ತಲೆ ಮೇಲೇ ಹನಿ ಬೀಳುತ್ತದೆ. ನೆಲದೊಳಗಿನ ಸಂಪು ಹಾಗಲ್ಲ. ಒಮ್ಮೆ ಮಣ್ಣು ಮುಚ್ಚಿದ ಮೇಲೆ ಅದರ ಸೋರಿಕೆಗೆ ಸಾಕ್ಷಿ ಹೇಳುವುದು ಒಳಗಿನ ನೀರಿನ ಮಟ್ಟ ಮಾತ್ರ.

ಇಲ್ಲಿ ವಿವರಿಸುವುದು ವಿಜಯಪುರದ ಹೊರವಲಯದ ಒಂದು ಬಡಾವಣೆಯ ಸಂಪಿನ ಕತೆ. ಒಳ ಅಳತೆ 10 ಮೀಟರ್ ಉದ್ದ, 8 ಮೀಟರ್ ಅಗಲ. ತುಂಬಿದಾಗ ನೀರಿನ ಆಳ 3 ಮೀಟರ್. ಅಂದರೆ 2,40,000 ಲೀಟರ್. ಗೋಡೆ 250 ಮಿ.ಮೀ. ದಪ್ಪ, ಮೇಲೆ ಕಾಂಕ್ರೀಟ್ ಮುಚ್ಚಳ, ಸುತ್ತ ಅಪ್ಪಟ ಎರೆಮಣ್ಣು. ಮೂರು ಬದಿ ಗುಂಡಿ ಇನ್ನೂ ತೆರೆದೇ ಇತ್ತು. ನಾಲ್ಕನೆಯ ಬದಿಗೆ ಪಂಪ್‌ಹೌಸಿನ ಪಾಯ ಅಂಟಿಕೊಂಡಿತ್ತು, ಅತ್ತ ಕಣ್ಣು ಹಾಯುತ್ತಿರಲಿಲ್ಲ. ಗುತ್ತಿಗೆದಾರರು ತಾವೇ ಒಂದು ಪರೀಕ್ಷೆ ಮಾಡಿ ಮುಗಿಸಿದ ಮೇಲೆ ನನ್ನನ್ನು ಕರೆದರು.

ಮೊದಲು ಒಂದು ಲೆಕ್ಕ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಈ ಸಂಪಿನ ನೀರಿನ ಹರವು 80 ಚದರ ಮೀಟರ್. ಒಂದು ಚದರ ಮೀಟರಿನಲ್ಲಿ ಒಂದು ಮಿ.ಮೀ. ನೀರು ಒಂದು ಲೀಟರ್. ಹಾಗಾಗಿ ಮಟ್ಟ 1 ಮಿ.ಮೀ. ಇಳಿದರೆ 80 ಲೀಟರ್ ಹೋಯಿತು. ಚಾಕ್‌ಪೀಸಿನ ಗೆರೆಯೊಂದರ ದಪ್ಪವೇ ಎರಡು ಮೂರು ಮಿ.ಮೀ. ಇರುತ್ತದೆ. ಗೋಡೆಗೆ ಚಾಕಿನಲ್ಲಿ ಗೆರೆ ಎಳೆದು 'ಇಳಿದಿಲ್ಲ' ಎನ್ನುವವರು ಎಷ್ಟು ನೀರನ್ನು ಆ ಗೆರೆಯಡಿ ಮುಚ್ಚುತ್ತಿದ್ದಾರೆ ಎಂಬುದನ್ನು ನೀವೇ ಎಣಿಸಿ.

ತುಂಬುವ ಮುಂಚೆ

ಕೊನೆಯ ಕಾಂಕ್ರೀಟ್ ಹಾಕಿ 28 ದಿನ ತುಂಬಿರಬೇಕು. ಗುಂಡಿಗೆ ಮಣ್ಣು ತುಂಬಿರಬಾರದು. ಒಳಗೆ ಪ್ಲಾಸ್ಟರ್ ಆಗಲಿ, ವಾಟರ್‌ಪ್ರೂಫಿಂಗ್ ಲೇಪನವಾಗಲಿ ಬಳಿದಿರಬಾರದು. ಈ ಕೊನೆಯದಕ್ಕೆ ಸೈಟಿನಲ್ಲಿ ಯಾವಾಗಲೂ ಜಗಳ ಬರುತ್ತದೆ. ಲೇಪನ ಹಚ್ಚಿಯೇ ಪರೀಕ್ಷೆ ಮಾಡೋಣ, ಹೇಗೂ ಹಚ್ಚುವುದೇ ಅಲ್ಲವೇ ಎಂಬುದು ಗುತ್ತಿಗೆದಾರರ ವಾದ. ಆಗ ಪರೀಕ್ಷೆಯಾಗುವುದು ಲೇಪನವೇ ಹೊರತು ಕಾಂಕ್ರೀಟ್ ಅಲ್ಲ. ಲೇಪನ ಕೆಲವು ವರ್ಷಕ್ಕೆ ಸುಲಿಯುತ್ತದೆ, ಅದರ ಹಿಂದಿನ ಬಿರುಕು ಅಲ್ಲೇ ಇರುತ್ತದೆ.

ಗುಂಡಿ ತೆರೆದಿರುವಾಗ ನೀರು ತುಂಬುವುದಕ್ಕೆ ವಿನ್ಯಾಸಕಾರರ ಒಪ್ಪಿಗೆಯೂ ಬೇಕು. ಒಳಗೆ ಪೂರ್ತಿ ನೀರು, ಹೊರಗೆ ಮಣ್ಣಿನ ಆಸರೆ ಇಲ್ಲ ಎಂಬ ಸ್ಥಿತಿಗೆ ಗೋಡೆಯನ್ನು ಲೆಕ್ಕ ಹಾಕಿರಬೇಕು. ಸರಿಯಾದ ವಿನ್ಯಾಸದಲ್ಲಿ ಇದು ಇದ್ದೇ ಇರುತ್ತದೆ. ಆದರೂ ನಕ್ಷೆಯ ಟಿಪ್ಪಣಿ ಓದಿ, ಇಲ್ಲದಿದ್ದರೆ ಬರೆಯಿಸಿಕೊಳ್ಳಿ.

ಆಮೇಲೆ ಒಳಗಿಳಿದು ಬ್ಯಾಟರಿ ಹಿಡಿದು ನೋಡಬೇಕು. ತಳ ಮತ್ತು ಗೋಡೆ ಕೂಡುವಲ್ಲಿನ ಸ್ಟಾರ್ಟರ್ ಜಾಯಿಂಟ್, ಸೆಂಟ್ರಿಂಗ್ ಕಟ್ಟಿದ ಟೈ ರಾಡಿನ ತೂತುಗಳು, ಗೋಡೆ ತೂರಿ ಬರುವ ಪೈಪುಗಳ ಸುತ್ತ. ನೀರು ಹೊರಡುವುದು ಬಹುಮಟ್ಟಿಗೆ ಈ ಮೂರರಿಂದಲೇ. ಗೋಡೆಯ ನಡುಭಾಗದಿಂದ ಸೋರುವುದು ಕಡಿಮೆ, ಸೋರಿದರೆ ಅಲ್ಲಿ ಜಲ್ಲಿ ಮಾತ್ರ ಗುಂಪುಗೂಡಿ ಹನಿಕೋಂಬ್ ಆಗಿರುತ್ತದೆ.

ಇನ್ನು ಪೈಪುಗಳು. ಒಳಬರುವ ಪೈಪು, ಪಂಪಿಗೆ ಹೋಗುವ ಪೈಪು, ತೊಳೆದ ನೀರು ಬಿಡುವ ಸ್ಕೌರ್ ಪೈಪು, ಮೂರಕ್ಕೂ ವಾಲ್ವ್ ಇರುತ್ತದೆ. ವಾಲ್ವನ್ನು ನಂಬಬೇಡಿ. ಪೈಪಿನ ಬಾಯಿಗೆ ರಬ್ಬರ್ ಇಟ್ಟು ಡಮ್ಮಿ ಪ್ಲೇಟ್ ಕೂರಿಸಿ ಬೋಲ್ಟ್ ಬಿಗಿಯಿರಿ. ಸ್ಕೌರ್ ವಾಲ್ವ್ ಸೋರಿದರೆ ಒಳ್ಳೆಯ ಸಂಪೂ ನಪಾಸಾಗುತ್ತದೆ. ಒಳಬರುವ ವಾಲ್ವ್ ಸೋರಿದರೆ ಅದಕ್ಕಿಂತ ಕೆಟ್ಟದ್ದು: ಹೊರಗೆ ಹೋದಷ್ಟು ನೀರು ಒಳಗೆ ಬರುತ್ತಲೇ ಇರುತ್ತದೆ, ಮಟ್ಟ ಕದಲುವುದಿಲ್ಲ, ಸೋರುವ ಸಂಪು ಪಾಸಾಗುತ್ತದೆ.

ತುಂಬುವುದು, ಕಾಯುವುದು

ಒಂದೇ ದಿನದಲ್ಲಿ ತುಂಬಿಬಿಡಬಾರದು. 24 ಗಂಟೆಯಲ್ಲಿ 2 ಮೀಟರಿಗಿಂತ ಹೆಚ್ಚು ಏರಿಸಬಾರದೆಂದು ಬ್ರಿಟಿಷ್ ಮಾನಕ ಹೇಳುತ್ತಿತ್ತು. ನಾನು ದಿನಕ್ಕೆ ಒಂದು ಮೀಟರಿನಂತೆ ಮೂರು ದಿನ ತೆಗೆದುಕೊಳ್ಳುತ್ತೇನೆ. ಗೋಡೆಗೆ ಭಾರ ನಿಧಾನ ಬೀಳುತ್ತದೆ ಎಂಬುದು ಒಂದು ಕಾರಣ. ಇನ್ನೊಂದು, ಪ್ರತಿ ಮೀಟರಿಗೂ ಗುಂಡಿಯ ಸುತ್ತ ಒಂದು ಸುತ್ತು ಹಾಕಿ ಹೊರಗೋಡೆ ನೋಡಬಹುದು. ಮೊದಲ ಮೀಟರಿನಲ್ಲೇ ಜಿನುಗಿದರೆ ಉಳಿದ ನೀರು ತುಂಬುವ ಖರ್ಚು ಉಳಿಯಿತು. ನಮ್ಮ ಕಡೆ ಇದು ಸಣ್ಣ ಮಾತಲ್ಲ. 6,000 ಲೀಟರಿನ ಟ್ಯಾಂಕರಾದರೆ ಈ ಸಂಪಿಗೆ 40 ಟ್ಯಾಂಕರ್ ಬೇಕು.

ತುಂಬಿದ ಮೇಲೆ ಏಳು ದಿನ ಸುಮ್ಮನೆ ಬಿಡಬೇಕು. ಒಣಗಿದ ಕಾಂಕ್ರೀಟ್ ನೀರು ಹೀರುವ ಕಾಲ ಇದು. ಈ ಅವಧಿಯಲ್ಲಿ ಇನ್ನೊಂದು ಕೆಲಸವೂ ನಡೆದಿರುತ್ತದೆ. ಕೂದಲೆಳೆಯಷ್ಟು ಸಣ್ಣ ಬಿರುಕಿನೊಳಗೆ ನೀರು ಹರಿದಾಗ ಸಿಮೆಂಟಿನ ಸುಣ್ಣ ಕರಗಿ, ಮತ್ತೆ ಗಟ್ಟಿಯಾಗಿ, ಬಿರುಕು ತಾನೇ ಮುಚ್ಚಿಕೊಳ್ಳುತ್ತದೆ. ಹೊರಗೋಡೆಯ ಮೇಲೆ ಬಿಳಿ ಗೆರೆ ಮೂಡಿ ಅದು ಒಣಗಿದ್ದರೆ ಅಲ್ಲಿ ಹೀಗೆ ಮುಚ್ಚಿಕೊಂಡಿದೆ ಎಂದು ತಿಳಿಯಬಹುದು. ಬಿಳಿ ಗೆರೆಯ ತುದಿ ದಿನವೂ ಹಸಿ ಇದ್ದರೆ ಮುಚ್ಚಿಕೊಂಡಿಲ್ಲ.

ಏಳನೆಯ ದಿನ ಮಟ್ಟ ಇಳಿದಿದ್ದರೆ ಮೇಲೆ ತುಂಬಿ ಸರಿಮಾಡಿ. ಅಲ್ಲಿಂದಾಚೆ ಒಂದು ತಂಬಿಗೆ ನೀರೂ ಬೀಳಬಾರದು.

ಅಳೆಯುವ ಬಗೆ

ದುಬಾರಿ ಉಪಕರಣ ಬೇಡ. ಮ್ಯಾನ್‌ಹೋಲಿನ ಕಾಂಕ್ರೀಟ್ ಅಂಚಿನಲ್ಲಿ ಒಂದು ಹಿತ್ತಾಳೆ ಮೊಳೆ ಕೂರಿಸಿ. ಇದೇ ನಿಮ್ಮ ಖಾಯಂ ಗುರುತು, ಎಲ್ಲ ಅಳತೆಯೂ ಇದರಿಂದ ಕೆಳಕ್ಕೆ. ಅದರ ಕೆಳಗೆ ನೀರಿನಲ್ಲಿ 110 ಮಿ.ಮೀ. ಪಿವಿಸಿ ಪೈಪಿನ ತುಂಡನ್ನು ನೆಟ್ಟಗೆ ನಿಲ್ಲಿಸಿ ಗೋಡೆಗೆ ಬಿಗಿದುಬಿಡಿ, ನೀರೊಳಗಿನ ಭಾಗದಲ್ಲಿ ನಾಲ್ಕಾರು ಸಣ್ಣ ತೂತು ಕೊರೆಯಿರಿ. ಹೊರಗಿನ ನೀರು ಅಲುಗಿದರೂ ಪೈಪಿನೊಳಗಿನದು ನಿಶ್ಚಲವಾಗಿರುತ್ತದೆ.

ಒಂದು ಉದ್ದನೆಯ ಸ್ಟೀಲ್ ಪಟ್ಟಿಗೆ ಕೆಳಗೆ ಚೂಪು ಮೊನೆ ಮಾಡಿಸಿ, ಮೇಲೆ ಮಿ.ಮೀ. ಸ್ಕೇಲ್ ಕೂರಿಸಿಕೊಳ್ಳಿ. ಅದನ್ನು ಪೈಪಿನೊಳಗೆ ನಿಧಾನ ಇಳಿಸುತ್ತ ಬ್ಯಾಟರಿ ಬೆಳಕು ಬಿಡಿ. ಮೊನೆಯೂ ನೀರಿನಲ್ಲಿ ಕಾಣುವ ಅದರ ಪ್ರತಿಬಿಂಬವೂ ಒಂದನ್ನೊಂದು ಮುಟ್ಟಿದ ಕ್ಷಣ ಮೊಳೆಯ ತಲೆಗೆ ಸರಿಯಾಗಿ ಸ್ಕೇಲ್ ಓದಿ. ಮೂರು ಸಲ ಓದಿ ಸರಾಸರಿ ತೆಗೆದರೆ ಅರ್ಧ ಮಿ.ಮೀ.ವರೆಗೆ ನಂಬಬಹುದು. ಟೇಪನ್ನು ಇಳಿಬಿಟ್ಟು ಒದ್ದೆಯಾದ ಗುರುತು ನೋಡುವವರ ಲೆಕ್ಕ ಐದು ಮಿ.ಮೀ. ಆಚೀಚೆ ಆಗುತ್ತದೆ. ಐದು ಮಿ.ಮೀ. ಅಂದರೆ 400 ಲೀಟರ್.

ಸಂಪಿನೊಳಗೆ ಒಂದು ಅಗಲ ಬಾಯಿಯ ಪ್ಲಾಸ್ಟಿಕ್ ಡ್ರಮ್ಮಿಗೆ ನೀರು ಹಾಕಿ, ಅಂಚು ಮೇಲಿರುವಂತೆ ತೇಲಿಬಿಟ್ಟು ಹಗ್ಗದಿಂದ ಕಟ್ಟಿ. ಡ್ರಮ್ಮಿನ ಒಳಗೂ ಒಂದು ಗುರುತು. ಡ್ರಮ್ಮು ಸೋರುವುದಿಲ್ಲ, ಹಾಗಾಗಿ ಅದರಲ್ಲಿ ಇಳಿದದ್ದು ಆವಿಯಾದ ನೀರು. ಮುಚ್ಚಿದ ಸಂಪಿನಲ್ಲಿ ಅದು ಕಡಿಮೆಯೇ, ನಮ್ಮಲ್ಲಿ ವಾರಕ್ಕೆ 1.5 ಮಿ.ಮೀ. ಬಂತು. ಆದರೆ ಈ ಡ್ರಮ್ಮು ಇಲ್ಲದಿದ್ದರೆ 'ಬಿಜಾಪುರದ ಬಿಸಿಲಿಗೆ ಆವಿ ಆಗ್ಯಾವ್ರಿ' ಎಂಬ ಮಾತಿಗೆ ಉತ್ತರ ಕೊಡಲು ನಿಮ್ಮ ಬಳಿ ಏನೂ ಇರುವುದಿಲ್ಲ.

ನೀರಿನ ಉಷ್ಣತೆಯನ್ನೂ ದಿನವೂ ಬರೆದುಕೊಳ್ಳಿ. ಬಹಳ ಜನ ಇದನ್ನು ಬಿಡುತ್ತಾರೆ. ಬಿಸಿಲಿನಲ್ಲಿ ನಿಂತ ಟ್ಯಾಂಕರಿನ ನೀರು ಸಂಪಿಗೆ ಬಂದು ದಿನಗಳಲ್ಲಿ ತಣ್ಣಗಾಗುತ್ತದೆ, ತಣ್ಣಗಾದ ನೀರು ಕುಗ್ಗುತ್ತದೆ. 3 ಮೀಟರ್ ಆಳಕ್ಕೆ, ನಮ್ಮ ಕಡೆಯ ನೀರಿನ ಉಷ್ಣತೆಯಲ್ಲಿ, ಒಂದು ಡಿಗ್ರಿ ಇಳಿದರೆ ಮಟ್ಟ ಸುಮಾರು 0.8 ಮಿ.ಮೀ. ಇಳಿಯುತ್ತದೆ. ಎರಡು ಡಿಗ್ರಿಗೆ ಒಂದೂವರೆ ಮಿ.ಮೀ. ದಾಟಿತು, ಅದರಲ್ಲಿ ಒಂದು ಹನಿಯೂ ಸೋರಿಲ್ಲ.

ದಿನವೂ ಒಂದೇ ಹೊತ್ತಿಗೆ, ಬೆಳಿಗ್ಗೆ ಏಳಕ್ಕೆ ಎಂದಿಟ್ಟುಕೊಳ್ಳಿ, ಎರಡೂ ಕಡೆಯವರು ನಿಂತು ಓದಬೇಕು. ಓದಿದ ಮೇಲೆ ಮ್ಯಾನ್‌ಹೋಲಿಗೆ ಬೀಗ ಹಾಕಿ, ಬೀಗದ ಮೇಲೆ ಇಬ್ಬರ ಸಹಿಯ ಕಾಗದ ಅಂಟಿಸಿ. ಅಪನಂಬಿಕೆ ಎಂದು ಯಾರಾದರೂ ಬೇಜಾರಾದರೆ ಆಗಲಿ. ರಾತ್ರಿ ಎರಡು ಕೊಡ ನೀರು ಹಾಕಿದರೆ ಗೊತ್ತಾಗುವುದಿಲ್ಲ, ನಿಜ. ಆದರೆ ಏಳು ಮಿ.ಮೀ. ಮುಚ್ಚಿಹಾಕಬೇಕಾದರೆ 560 ಲೀಟರ್ ಬೇಕು, ಅದಕ್ಕೆ ಪೈಪೇ ಬಿಡಬೇಕು. ದಿನವೂ ಏಳು ಇಳಿಯುವ ಸಂಪು ನಡುವೆ ಒಂದು ದಿನ ಸೊನ್ನೆ ತೋರಿಸಿದರೆ ಆ ರಾತ್ರಿ ಏನೋ ನಡೆದಿದೆ.

ಅಂಕಿಗಳು ಹೇಳಿದ್ದು

ಗುತ್ತಿಗೆದಾರರು ವಾಲ್ವ್ ಮಾತ್ರ ಮುಚ್ಚಿ ಮಾಡಿದ್ದ ಮೊದಲ ವಾರದ ಅಂಕಿಗಳು ಹೀಗಿದ್ದವು, ಮಿ.ಮೀ. ಲೆಕ್ಕದಲ್ಲಿ: 7.5, 7.0, 7.0, 7.5, 7.0, 7.0, 7.5. ಒಟ್ಟು 50.5. ಸೈಟಿನ ಹುಡುಗ ಪ್ರಾಮಾಣಿಕವಾಗಿ ಬರೆದಿಟ್ಟಿದ್ದ, ಅವನಿಗೆ ಶಹಬ್ಬಾಸ್ ಹೇಳಬೇಕು.

ಟೆಂಡರಿನಲ್ಲಿದ್ದ ಮಿತಿ ಏಳು ದಿನಕ್ಕೆ 40 ಮಿ.ಮೀ. ಇದು ಭಾರತೀಯ ಮಾನಕ ಐಎಸ್ 3370ರ 1965ರ ಆವೃತ್ತಿಯಿಂದ ಬಂದ ಅಂಕಿ, ಮೇಲೆ ಮುಚ್ಚಿದ ನೆಲದೊಳಗಿನ ಟಾಕಿಗೆ. ಬ್ರಿಟಿಷ್ ಮಾನಕ ಬಿಎಸ್ 8007 ಬಲು ಬಿಗಿಯಾಗಿತ್ತು: ಆಳದ ಐನೂರನೆಯ ಒಂದು ಭಾಗ ಅಥವಾ 10 ಮಿ.ಮೀ., ಎರಡರಲ್ಲಿ ಯಾವುದು ಕಡಿಮೆಯೋ ಅದು, ಅದೂ ಆವಿ ಕಳೆದ ಮೇಲೆ. ನಮ್ಮ 3 ಮೀಟರಿಗೆ ಅದು ಬರೀ 6 ಮಿ.ಮೀ. ಆಯಿತು. ಯಾವುದನ್ನು ಹಿಡಿಯಬೇಕು? ನಿಮ್ಮ ಟೆಂಡರಿನಲ್ಲಿ ಅಂಕಿಯಾಗಿ ಏನು ಬರೆದಿದೆಯೋ ಅದನ್ನು. ಅಂಕಿ ಇಲ್ಲದೆ ಮಾನಕದ ಹೆಸರು ಮಾತ್ರ ಇದ್ದರೆ, ಯಾವ ವರ್ಷದ ಆವೃತ್ತಿ ಎಂದು ನೀರು ತುಂಬುವ ಮೊದಲೇ ಪತ್ರದಲ್ಲಿ ಖಚಿತಮಾಡಿಕೊಳ್ಳಿ. ಪರೀಕ್ಷೆ ಮುಗಿದ ಮೇಲೆ ಮಿತಿ ಹುಡುಕಲು ಕೂತರೆ ಇಬ್ಬರಿಗೂ ತಮಗೆ ಬೇಕಾದ ಮಿತಿಯೇ ಸಿಗುತ್ತದೆ.

"ಹೊಸಾ ಕಾಂಕ್ರೀಟ್ ಐತ್ರಿ ಸಾಹೇಬ್ರ, ಇನ್ನೂ ನೀರು ಕುಡೀತೈತಿ. ಇನ್ನೊಂದ್ ವಾರ ಬಿಡ್ರಿ, ತಾನ ನಿಲ್ತೈತಿ" ಎಂದರು ಗುತ್ತಿಗೆದಾರರು.

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಮಿತಿ ದಾಟಿದರೂ ದಿನದ ಇಳಿಕೆ ಕಡಿಮೆಯಾಗುತ್ತ ಬಂದಿದ್ದರೆ ಇನ್ನೊಂದು ವಾರ ಪರೀಕ್ಷೆ ಮುಂದುವರಿಸಬಹುದೆಂದು ಐಎಸ್ 3370 ಅವಕಾಶ ಕೊಡುತ್ತದೆ. ಆದರೆ 'ಕಡಿಮೆಯಾಗುತ್ತ ಬಂದಿದ್ದರೆ' ಎಂಬುದೇ ಮುಖ್ಯ. ಕುಡಿಯುವ ಕಾಂಕ್ರೀಟ್ ಮೊದಲ ದಿನ ಹೆಚ್ಚು, ಆಮೇಲೆ ಕಡಿಮೆ ಕುಡಿಯುತ್ತದೆ. ಹೊಟ್ಟೆ ತುಂಬಿದ ಮೇಲೂ ಅಷ್ಟೇ ಉಣ್ಣುವವರಿಲ್ಲ. ಏಳೂ ದಿನ ಏಳೇ ಇಳಿದರೆ ಅದು ಕುಡಿಯುತ್ತಿಲ್ಲ, ಎಲ್ಲೋ ತೂತಿದೆ. ಒಟ್ಟು ಇಳಿಕೆಯನ್ನಷ್ಟೇ ಬರೆದ ವರದಿಯಿಂದ ಇದು ತಿಳಿಯುವುದಿಲ್ಲ, ದಿನದಿನದ ಅಂಕಿ ಬೇಕೆನ್ನುವುದು ಇದಕ್ಕೇ.

50.5 ಮಿ.ಮೀ. ಅಂದರೆ 4,040 ಲೀಟರ್. ದಿನಕ್ಕೆ 577, ನಿಮಿಷಕ್ಕೆ 400 ಮಿಲಿಲೀಟರ್. ಇಷ್ಟು ನೀರು ಹೊರಗೋಡೆಯಿಂದ ಬಂದಿದ್ದರೆ ಗುಂಡಿಯಲ್ಲಿ ಕೆಸರಾಗಬೇಕಿತ್ತು. ಮೂರು ಬದಿಯಲ್ಲಿ ಕೆಸರಿರಲಿಲ್ಲ. ಪಂಪ್‌ಹೌಸಿನ ಬದಿ ಕಾಣುತ್ತಿರಲಿಲ್ಲ, ಅದರ ಮೇಲೆ ಅನುಮಾನ ಬಂತು. ಆದರೆ ಮೊದಲು ಸುಲಭದ್ದು ನೋಡೋಣವೆಂದು ಸ್ಕೌರ್ ಪೈಪಿನ ಕೊನೆಗೆ ಹೋದೆವು. ಪೈಪಿನ ಬಾಯಿ ಹುಲ್ಲಿನೊಳಗೆ ಇತ್ತು, ಒದ್ದೆಯಾಗಿತ್ತು. ಒಂದು ಲೀಟರಿನ ಬಾಟಲಿ ಹಿಡಿದರೆ ನಾಲ್ಕು ನಿಮಿಷಕ್ಕೆ ತುಂಬಿತು. ದಿನಕ್ಕೆ 360 ಲೀಟರ್, ಅಂದರೆ 4.5 ಮಿ.ಮೀ. ಹೊಸ ವಾಲ್ವ್, ಆದರೆ ಅದರ ಸೀಟಿನಲ್ಲಿ ಮರಳು ಸಿಕ್ಕಿತ್ತು.

ಡಮ್ಮಿ ಪ್ಲೇಟ್ ಹಾಕಿ, ಮೇಲಕ್ಕೆ ತುಂಬಿ, ಒಂದು ದಿನ ಬಿಟ್ಟು ಮತ್ತೆ ಏಳು ದಿನ ಓದಿದೆವು: 3.0, 2.5, 3.0, 2.5, 2.5, 3.0, 2.5. ಒಟ್ಟು 19.0. ಡ್ರಮ್ಮಿನ 1.5 ಕಳೆದರೆ 17.5. ಮಿತಿ 40.

ಪಾಸಾದ ಮೇಲೂ ಬಿಡದಿದ್ದುದಕ್ಕೆ ಕಾರಣ

ಎಲ್ಲರೂ ಚಹಾ ತರಿಸಿದರು. ನನಗೆ ಮಾತ್ರ ಆ ಅಂಕಿಗಳು ಇಷ್ಟವಾಗಲಿಲ್ಲ. ಇಳಿಕೆ ಸಣ್ಣದು, ಆದರೆ ಅದೂ ಸಮನಾಗಿಯೇ ಇತ್ತು. ಆಗ ಪೂರ್ವದ ಗೋಡೆ ನೋಡುತ್ತಿದ್ದ ಗೌಂಡಿ ಕೂಗಿದ: "ಇಲ್ಲಿ ಬರ್ರಿ ಸರ, ಬುಡದಾಗ ಹಸಿ ಹಿಡದೈತಿ." ಸ್ಟಾರ್ಟರ್ ಜಾಯಿಂಟಿನ ಗುಂಟ ಎರಡು ಮಾರು ಉದ್ದ ಕಪ್ಪಗೆ ತೇವ. ಹಗಲು ಬಿಸಿಲಿಗೆ ಒಣಗಿ ಮಾಯವಾಗುತ್ತಿತ್ತು, ಬೆಳಿಗ್ಗೆ ಮಾತ್ರ ಕಾಣುತ್ತಿತ್ತು. ಹೊರಗೋಡೆಯನ್ನು ಸೂರ್ಯ ಏರುವ ಮುಂಚೆ ನೋಡಬೇಕೆಂದು ಅವತ್ತಿನಿಂದ ನಾನೂ ಕಲಿತೆ.

ಅಷ್ಟೇ ಜಾಗದಿಂದಲೇ ಎಲ್ಲ ಹೋಗುತ್ತಿದೆಯೇ, ಇಲ್ಲ ಕಾಣದ ಬದಿಯಲ್ಲಿ ಮೇಲೆಲ್ಲೋ ಇನ್ನೊಂದು ಇದೆಯೇ ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ನೀರನ್ನು ಅರ್ಧಕ್ಕೆ ಇಳಿಸಿ ಎರಡು ದಿನ ಓದಿ. ಸೋರಿಕೆ ಅರ್ಧಕ್ಕಿಂತ ಮೇಲಿನ ಟೈ ರಾಡ್ ತೂತಿನಲ್ಲಿದ್ದರೆ ಇಳಿಕೆ ನಿಂತೇಹೋಗುತ್ತದೆ. ಬುಡದ ಸಣ್ಣ ಸೀಳಿನಲ್ಲಿದ್ದರೆ ಒತ್ತಡ ಅರ್ಧವಾದಂತೆ ಇಳಿಕೆಯೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. ನಮ್ಮಲ್ಲಿ 1.5 ಮೀಟರ್ ಆಳದಲ್ಲಿ ದಿನಕ್ಕೆ 1.5 ಮಿ.ಮೀ. ಮತ್ತು 1.0 ಮಿ.ಮೀ. ಬಂತು. ಹಾಗಾದರೆ ಬುಡದ್ದೇ.

ಪಾಸಾದದ್ದನ್ನು ಯಾಕೆ ಕೆದಕುತ್ತೀರಿ ಎಂದು ಬಡಾವಣೆಯವರೇ ಕೇಳಿದರು. ಎರಡು ಉತ್ತರ ಕೊಟ್ಟೆ. ಮೊದಲನೆಯದು ಮಣ್ಣು. ದಿನಕ್ಕೆ 200 ಲೀಟರ್ ನೀರು ತಳದ ಒಂದೇ ಬದಿಗೆ ಇಳಿಯುತ್ತಿದ್ದರೆ ಎರೆಮಣ್ಣು ಅಲ್ಲಿ ಮಾತ್ರ ಉಬ್ಬುತ್ತದೆ. ಬೆಳಗಾವಿಯ ಕೆಂಪು ಜಂಬಿಟ್ಟಿಗೆ ನೆಲವಾದರೆ ಈ ಚಿಂತೆ ಇಷ್ಟಿಲ್ಲ. ನಮ್ಮ ಎರೆ ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ, ಹಸಿಯಾದರೆ ಪಾಯ ಎತ್ತುತ್ತದೆ.

ಎರಡನೆಯದು ಇನ್ನೂ ಗಂಭೀರ. ಹೊರಗೆ ಹೋಗುವ ದಾರಿಯೇ ಒಳಗೆ ಬರುವ ದಾರಿ. ಸಂಪಿನಲ್ಲಿ ನೀರು ಒಂದು ಅಡಿಗೆ ಇಳಿದಿರುವಾಗ, ಹೊರಗೆ ಸೆಪ್ಟೆಂಬರಿನ ಮಳೆಗೆ ಮಣ್ಣು ನೀರು ಹೀರಿ ನಿಂತಿದ್ದರೆ, ಅದೇ ಸೀಳಿನಿಂದ ಹೊರಗಿನ ನೀರು ಒಳಬರುತ್ತದೆ. ಪಕ್ಕದಲ್ಲಿ ಗಟಾರವಿದ್ದರೆ ಗಟಾರದ್ದು. 40 ಮಿ.ಮೀ. ಎಂಬ ಮಿತಿ ಎಷ್ಟು ನೀರು ನಷ್ಟವಾಗಬಹುದು ಎಂಬುದಕ್ಕಷ್ಟೇ ಉತ್ತರ, ಒಳಗೆ ಏನು ಬರಬಹುದು ಎಂಬುದಕ್ಕಲ್ಲ. ಹಾಗಾಗಿ ನನ್ನ ರೂಢಿ ಇಷ್ಟು: ಅಂಕಿ ಪಾಸಾದರೂ ಕಣ್ಣಿಗೆ ಕಾಣುವ ತೇವವನ್ನು ಮಣ್ಣಿನಡಿ ಮುಚ್ಚಲು ಬಿಡುವುದಿಲ್ಲ.

ಖಾಲಿ ಮಾಡುವಾಗ ಎಚ್ಚರ

ದುರಸ್ತಿಗೆ ನೀರು ತೆಗೆಯಲೇಬೇಕು. ಅದನ್ನು ಗುಂಡಿಗೆ ಬಿಡಬೇಡಿ. ಎರೆ ನೆನೆದು ಕುಸಿಯುವುದು ಒಂದು ಕಡೆ, ಟಾಕಿ ತೇಲುವುದು ಇನ್ನೊಂದು ಕಡೆ. ಕಾಂಕ್ರೀಟಿನ ಟಾಕಿ ತೇಲುತ್ತದೆಯೇ ಎಂದು ನಗುವವರಿಗೆ ಲೆಕ್ಕ ತೋರಿಸುತ್ತೇನೆ. ಈ ಸಂಪಿನ ಹೊರ ಅಳತೆ 10.5 ಮತ್ತು 8.5 ಮೀಟರ್, ಹರವು ಸುಮಾರು 89 ಚದರ ಮೀಟರ್. ಹೊರಗೆ ಒಂದು ಮೀಟರ್ ನೀರು ನಿಂತರೆ ಕೆಳಗಿನಿಂದ 89 ಟನ್ ಮೇಲಕ್ಕೆ ಒತ್ತುತ್ತದೆ. ತಳ, ಗೋಡೆ, ಮುಚ್ಚಳ, ಬೀಮು ಎಲ್ಲ ಸೇರಿ ಖಾಲಿ ಸಂಪಿನ ತೂಕ ಸುಮಾರು 200 ಟನ್. ಹಾಗಾದರೆ ಗುಂಡಿಯಲ್ಲಿ 2.2 ಮೀಟರ್ ನೀರು ನಿಂತಾಗ ಟಾಕಿ ನೆಲ ಬಿಡುತ್ತದೆ. ಒಂದೂವರೆ ಮೀಟರ್ ದಾಟಿದರೇ ನಾನು ಖಾಲಿ ಮಾಡುವ ಪಂಪ್ ನಿಲ್ಲಿಸಿ ಗುಂಡಿಯ ನೀರು ತೆಗೆಸುತ್ತೇನೆ. ಅಕಾಲಿಕ ಮಳೆಯ ರಾತ್ರಿಯೊಂದು ಸಾಕು, ಎರೆಯ ಗುಂಡಿ ಬಾವಿಯಾಗಲು.

ನಮ್ಮ ನೀರನ್ನು ಬಡಾವಣೆಯ ರಸ್ತೆ ಕೆಲಸದ ಕ್ಯೂರಿಂಗಿಗೆ ಕೊಟ್ಟೆವು. ಒಳಗಿಳಿಯುವ ಮುನ್ನ ಎರಡೂ ಮ್ಯಾನ್‌ಹೋಲ್ ತೆರೆದಿಟ್ಟು ಬ್ಲೋವರ್ ಹಚ್ಚಿ ಗಾಳಿ ಆಡಿಸಿದೆವು, ಮೇಲೆ ಒಬ್ಬ ಹಗ್ಗ ಹಿಡಿದು ನಿಂತ. ಮುಚ್ಚಿದ ಟಾಕಿಗೆ ಒಬ್ಬನೇ ಇಳಿಯುವುದು ಬೇಡವೇ ಬೇಡ.

ಒಳಗಿನಿಂದ ಜಾಯಿಂಟ್ ಕೆತ್ತಿದಾಗ ಕಾರಣ ಸಿಕ್ಕಿತು. ಗೋಡೆಯ ಕಾಂಕ್ರೀಟ್ ಹಾಕುವ ಮೊದಲು ಬುಡದಲ್ಲಿ ಬಿದ್ದಿದ್ದ ಕಟ್ಟಿಗೆ ಚಕ್ಕೆ, ಮಣ್ಣು ತೆಗೆದಿರಲಿಲ್ಲ. ಅದರ ಮೇಲೇ ಸುರಿದಿದ್ದರು. ತೇವ ಕಂಡ ಜಾಗದಿಂದ ಎರಡೂ ಕಡೆ ಒಂದೊಂದು ಮೀಟರ್ ಹೆಚ್ಚಿಗೆ ಹಿಡಿದು ವಿ ಆಕಾರದಲ್ಲಿ ಕೊರೆದು, ತೊಳೆದು, ನಿಪ್ಪಲ್ ಕೂರಿಸಿ ಗ್ರೌಟ್ ಮಾಡಿ, ಕುಗ್ಗದ ಗಾರೆಯಿಂದ ಮುಚ್ಚಿದರು. ಹೊರಗಿನಿಂದ ಸಿಮೆಂಟ್ ಮೆತ್ತುವುದರಿಂದ ಏನೂ ಪ್ರಯೋಜನವಿಲ್ಲ, ಒಳಗಿನ ನೀರಿನ ಒತ್ತಡ ಅದನ್ನು ಹೊರಕ್ಕೆ ತಳ್ಳುತ್ತದೆ.

ಮತ್ತೆ ಮೂರು ದಿನ ತುಂಬಿ, ಏಳು ದಿನ ಬಿಟ್ಟು, ಏಳು ದಿನ ಓದಿದೆವು. ವರದಿಗೆ ಹೋದದ್ದು ಇದು:

| ದಿನ | ಮೊಳೆಯಿಂದ ನೀರಿಗೆ (ಮಿ.ಮೀ.) | ದಿನದ ಇಳಿಕೆ (ಮಿ.ಮೀ.) |
|---|---|---|
| ಆರಂಭ | 612.0 | – |
| 1 | 614.0 | 2.0 |
| 2 | 615.5 | 1.5 |
| 3 | 616.5 | 1.0 |
| 4 | 617.5 | 1.0 |
| 5 | 618.0 | 0.5 |
| 6 | 618.5 | 0.5 |
| 7 | 619.0 | 0.5 |

ಒಟ್ಟು 7.0, ಡ್ರಮ್ಮಿನ ಇಳಿಕೆ 1.5, ಉಳಿದದ್ದು 5.5 ಮಿ.ಮೀ. 80ರಿಂದ ಗುಣಿಸಿದರೆ ವಾರಕ್ಕೆ 440 ಲೀಟರ್. ಬಿಗಿ ಮಾನಕದ 6 ಮಿ.ಮೀ.ಗೂ ಒಳಗೇ ಬಂತು. ಅದಕ್ಕಿಂತ ನನಗೆ ಸಮಾಧಾನವಾದದ್ದು ಮೂರನೆಯ ಅಂಕಣ: ಎರಡರಿಂದ ಅರ್ಧ ಮಿ.ಮೀ.ಗೆ ಇಳಿದು ಅಲ್ಲೇ ನಿಂತಿದೆ. ಕಾಂಕ್ರೀಟ್ ಕುಡಿಯುವುದೆಂದರೆ ಹೀಗೆ ಕಾಣುತ್ತದೆ.

ವರದಿ

ಎರಡು ಪುಟ ಸಾಕು. ಮೊದಲ ಪುಟದಲ್ಲಿ ಟಾಕಿಯ ಒಳ ಅಳತೆ, ನಕ್ಷೆಯ ಸಂಖ್ಯೆ, ಕೊನೆಯ ಕಾಂಕ್ರೀಟ್ ಹಾಕಿದ ದಿನಾಂಕ, ತುಂಬಲು ಶುರು ಮತ್ತು ಮುಗಿದ ದಿನಾಂಕ, ನೀರಿನ ಆಳ, ಪ್ರತಿ ಪೈಪನ್ನು ಹೇಗೆ ಮುಚ್ಚಲಾಗಿತ್ತು, ಒಳಗೆ ಲೇಪನ ಇತ್ತೇ ಇಲ್ಲವೇ, ಯಾವ ಮಿತಿಗೆ ಪರೀಕ್ಷೆ, ಅದು ಟೆಂಡರಿನ ಯಾವ ಕಲಮಿನಲ್ಲಿದೆ. ಎರಡನೆಯದರಲ್ಲಿ ಮೇಲಿನ ಪಟ್ಟಿ, ಅದಕ್ಕೆ ಓದಿದ ಹೊತ್ತು, ನೀರಿನ ಉಷ್ಣತೆ, ಡ್ರಮ್ಮಿನ ಅಳತೆ ಮತ್ತು ಇಬ್ಬರ ಸಹಿಯ ಅಂಕಣ ಸೇರಿಸಿ. ಸಹಿ ಪ್ರತಿ ಸಾಲಿಗೂ ಆ ದಿನವೇ ಬೀಳಬೇಕು. ಏಳು ದಿನದ ಸಹಿ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬಿದ್ದಿದ್ದರೆ ನೋಡಿದವರಿಗೆ ತಿಳಿಯುತ್ತದೆ.

ನಪಾಸಾದ ವಾರವನ್ನು ವರದಿಯಿಂದ ತೆಗೆದುಹಾಕಬೇಡಿ. ನಮ್ಮ ಗುತ್ತಿಗೆದಾರರು 50.5ರ ಹಾಳೆ ಬೇಡವೆಂದರು. ಅದಿಲ್ಲದಿದ್ದರೆ ಸ್ಕೌರ್ ಪೈಪಿಗೆ ಡಮ್ಮಿ ಪ್ಲೇಟ್ ಹಾಕಿದ್ದಕ್ಕೂ ಜಾಯಿಂಟ್ ಕೊರೆದದ್ದಕ್ಕೂ ಅರ್ಥವೇ ಇರುವುದಿಲ್ಲ ಎಂದು ಹೇಳಿ ಮೂರೂ ಹಾಳೆ ಲಗತ್ತಿಸಿದೆವು. ಹೊರಗೋಡೆಯ ಒಂದು ಕೈಚಿತ್ರ ಬರೆದು ತೇವ ಕಂಡ ಜಾಗವನ್ನು ಮೂಲೆಯಿಂದ ಮೀಟರಿನಲ್ಲಿ ಅಳೆದು ಗುರುತಿಸಿ. ಮೊಬೈಲ್ ಫೋಟೊ ತೆಗೆಯುವಾಗ ಪಕ್ಕದಲ್ಲಿ ಟೇಪ್ ಹಿಡಿಯಿರಿ. ಐದು ವರ್ಷದ ನಂತರ ಯಾರಾದರೂ ಅಲ್ಲಿ ಅಗೆಯಬೇಕಾಗಿ ಬಂದರೆ ಅವರು ಹುಡುಕುವುದು ಈ ಚಿತ್ರವನ್ನೇ.

ಕೊನೆಯ ವಾಕ್ಯವನ್ನು ನಾವು ಹೀಗೆ ಬರೆದೆವು: 'ಆವಿಯ ಇಳಿಕೆ ಕಳೆದು ಏಳು ದಿನದ ಒಟ್ಟು ಇಳಿಕೆ 5.5 ಮಿ.ಮೀ.; ದಿನದ ಇಳಿಕೆ ಕ್ರಮೇಣ ಕಡಿಮೆಯಾಗಿದೆ; ತೆರೆದ ಮೂರು ಹೊರಗೋಡೆಗಳಲ್ಲಿ ತೇವ ಕಂಡಿಲ್ಲ; ಪಂಪ್‌ಹೌಸಿನ ಬದಿಯ ಗೋಡೆಯನ್ನು ಕಣ್ಣಾರೆ ನೋಡಲು ಆಗಿಲ್ಲ. ಟೆಂಡರಿನ ಮಿತಿಯೊಳಗಿದೆ.' ನೋಡದ ಗೋಡೆಯ ಮಾತು ವರದಿಯಲ್ಲಿ ಬೇಕೇ ಎಂದು ಚರ್ಚೆಯಾಯಿತು. ಬೇಕೆಂದೆ, ಉಳಿಸಿದೆವು.

ಗುಂಡಿಗೆ ಮಣ್ಣು ಬಿದ್ದದ್ದು ಮರುದಿನ. ಮಣ್ಣು ತುಂಬಿ ಮುಗಿಯುವವರೆಗೂ ಸಂಪಿನಲ್ಲಿ ಅರ್ಧ ನೀರು ಹಾಗೇ ಇಟ್ಟಿದ್ದೆವು, ಮಳೆ ಬಂದರೆ ಇರಲೆಂದು.